ಕಿವಿಯ ಶಸ್ತ್ರಚಿಕಿತ್ಸೆಗೆ ಶಿಕ್ಷಕರ ರಜಾ ಅರ್ಜಿ: ವಿಶ್ರಾಂತಿಯ ದಿನಗಳನ್ನೂ ದನಿಯ ಮಿತಿಯನ್ನೂ ಬರೆಯುವ ಬಗೆ

ಮುಖ್ಯ ಶಿಕ್ಷಕಿಯಾಗಿದ್ದ ವರ್ಷಗಳಲ್ಲಿ ಎಷ್ಟೋ ರಜಾ ಅರ್ಜಿಗಳನ್ನು ಷರಾ ಬರೆದು ಮೇಲಕ್ಕೆ ಕಳುಹಿಸಿದ್ದೇನೆ. ಅವುಗಳಲ್ಲಿ ಒಂದು ಇಂದಿಗೂ ನೆನಪಿದೆ. ನಲಿಕಲಿ ತರಗತಿಯ ಶಿಕ್ಷಕಿಯೊಬ್ಬರು ಕಿವಿತಮಟೆಯ ದುರಸ್ತಿ ಮಾಡಿಸಿಕೊಂಡು, ಮೂರು ವಾರದ ರಜೆ ಮುಗಿಸಿ ಬಂದರು. ಅರ್ಜಿಯಲ್ಲಿ ‘ಕಿವಿಯ ಚಿಕಿತ್ಸೆ ನಿಮಿತ್ತ’ ಎಂದಷ್ಟೇ ಇತ್ತು. ಬಂದ ದಿನವೇ ಬೆಳಗಿನ ಪ್ರಾರ್ಥನೆ, ಆಮೇಲೆ ಮೂವತ್ತು ಮಕ್ಕಳೊಂದಿಗೆ ಅಭಿನಯ ಗೀತೆ, ಮಧ್ಯಾಹ್ನ ಬಿಸಿಯೂಟದ ಸಾಲು. ‘ಗಟ್ಟಿಯಾಗಿ ಮಾತನಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ’ ಎಂದು ಅವರು ಬಾಯಿಮಾತಿನಲ್ಲಿ ಹೇಳಿದರು. ಆದರೆ ಕಾಗದದಲ್ಲಿ ಇಲ್ಲದ ಮಾತಿನ ಮೇಲೆ ಬೇರೆಯವರ ವೇಳಾಪಟ್ಟಿ ಬದಲಿಸಲು ನನಗೆ ಆಧಾರವಿರಲಿಲ್ಲ. ಆ ವಾರ ಅವರು ಪಟ್ಟ ಕಷ್ಟವನ್ನು ನೋಡಿದ ಮೇಲೆ ಒಂದು ವಿಷಯ ನನಗೆ ಸ್ಪಷ್ಟವಾಯಿತು: ರಜೆ ಮುಗಿಯುವ ದಿನವೇ ದನಿಯ ವಿಶ್ರಾಂತಿ ಮುಗಿಯುವುದಿಲ್ಲ. ಇವೆರಡನ್ನೂ ಅರ್ಜಿಯಲ್ಲಿ ಬೇರೆ ಬೇರೆ ಕೋರಿಕೆಗಳಾಗಿ ಬರೆಯಬೇಕು.

ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಖಾಸಗಿ ಶಾಲೆಯವರು ರಜೆಯ ಲೆಕ್ಕಕ್ಕೆ ತಮ್ಮ ನೇಮಕಾತಿ ಪತ್ರವನ್ನು ನೋಡಿಕೊಳ್ಳಬೇಕು. ಉಳಿದದ್ದು ಅವರಿಗೂ ಹೊಂದುತ್ತದೆ.

ಮೊದಲನೆಯ ಹೆಜ್ಜೆ: ಅರ್ಜಿಗೆ ಮುಂಚೆ ವೈದ್ಯರ ಬಳಿ ಕೇಳಬೇಕಾದದ್ದು

‘ಕಿವಿಯ ಆಪರೇಷನ್’ ಎಂಬ ಮಾತಿನೊಳಗೆ ಹಲವು ಬಗೆಯ ಶಸ್ತ್ರಚಿಕಿತ್ಸೆಗಳಿವೆ, ಒಂದೊಂದಕ್ಕೂ ಚೇತರಿಕೆಯ ಕಾಲ ಬೇರೆ. ತೂತಾದ ಕಿವಿತಮಟೆಯನ್ನು ಮುಚ್ಚುವುದು ಟಿಂಪನೋಪ್ಲಾಸ್ಟಿ. ಕಿವಿಯ ಹಿಂದಿನ ಮೂಳೆಯಲ್ಲಿ ಸೋಂಕು ಹರಡಿದ್ದರೆ ಆ ಮೂಳೆಯನ್ನು ಕೊರೆದು ಶುದ್ಧಗೊಳಿಸುವುದು ಮ್ಯಾಸ್ಟಾಯ್ಡೆಕ್ಟಮಿ. ಇದರ ಗಾಯ ಒಣಗಲು ಹೆಚ್ಚು ವಾರಗಳು ಬೇಕು. ಕಿವಿಯ ಪುಟ್ಟ ಮೂಳೆಯೊಂದು ಬಿಗಿದುಕೊಂಡು ಕೇಳಿಸದಿದ್ದರೆ ಮಾಡುವ ಸ್ಟೇಪಿಡೆಕ್ಟಮಿಯಲ್ಲಿ ಗಾಯ ಚಿಕ್ಕದಾದರೂ ತಲೆಸುತ್ತು ಕಾಡಬಹುದು, ತಿಣುಕುವುದು, ಭಾರ ಎತ್ತುವುದು ಇವುಗಳ ಮೇಲಿನ ನಿರ್ಬಂಧ ಬಿಗಿಯಾಗಿರುತ್ತದೆ. ಆದ್ದರಿಂದ ಸಹೋದ್ಯೋಗಿಯೊಬ್ಬರು ಹಿಂದೆ ಇಷ್ಟು ದಿನ ಹಾಕಿದ್ದರು ಎಂಬ ಲೆಕ್ಕ ನಿಮಗೆ ನಡೆಯದು.

ಇಲ್ಲಿ ಟಿಂಪನೋಪ್ಲಾಸ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಸಾಮಾನ್ಯವಾಗಿ ಕಿವಿಯ ಹಿಂದೆ ಕೊಯ್ದು, ಕಿವಿಯ ಮೇಲ್ಭಾಗದಲ್ಲಿರುವ ಅಗಿಯುವ ಸ್ನಾಯುವಿನ ತೆಳು ಹೊದಿಕೆಯಿಂದ ಚೂರೊಂದನ್ನು ತೆಗೆದು, ಅದನ್ನು ತಮಟೆಯ ತೂತಿಗೆ ತೇಪೆಯಾಗಿ ಕೂರಿಸುತ್ತಾರೆ. ತೇಪೆ ಜಾರದಂತೆ ಸುತ್ತ ಕರಗುವ ಸ್ಪಂಜನ್ನು ತುಂಬುತ್ತಾರೆ. ತಲೆಯ ಸುತ್ತಲಿನ ದೊಡ್ಡ ಪಟ್ಟಿಯನ್ನು ಒಂದೆರಡು ದಿನದಲ್ಲಿ ಬಿಚ್ಚುತ್ತಾರೆ, ಹೊಲಿಗೆಯನ್ನು ಏಳರಿಂದ ಹತ್ತು ದಿನದೊಳಗೆ ತೆಗೆಯುತ್ತಾರೆ. ತೇಪೆ ಗಟ್ಟಿಯಾಗಿ ಕೂಡಿಕೊಂಡು ಕಿವಿ ಒಣಗಲು ಆರರಿಂದ ಎಂಟು ವಾರ ಬೇಕಾಗುತ್ತದೆ. ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ ಬಹುತೇಕ ಮೂರು ತಿಂಗಳ ನಂತರ. ಅಲ್ಲಿಯವರೆಗೆ ಕಿವಿಗೆ ನೀರು ಬೀಳಬಾರದು, ಮೂಗನ್ನು ಜೋರಾಗಿ ಸೀದಬಾರದು, ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು.

ವೈದ್ಯರ ಬಳಿ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ಹೆಸರೇನು, ಯಾವ ಕಿವಿ? ಪೂರ್ತಿ ಅರಿವಳಿಕೆಯೋ, ಕಿವಿಯ ಸುತ್ತ ಮಾತ್ರ ಮರಗಟ್ಟಿಸುವುದೋ? ಮನೆಯಲ್ಲಿ ಎಷ್ಟು ದಿನ ವಿಶ್ರಾಂತಿ? ಶಾಲೆಗೆ ಮರಳಿದ ಮೇಲೆ ಎಷ್ಟು ವಾರ ಗಟ್ಟಿ ದನಿ ಬೇಡ? ಕೊನೆಯ ಪ್ರಶ್ನೆಯನ್ನು ಕೇಳುವಾಗ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. ‘ಟೀಚರ್’ ಎಂದರೆ ವೈದ್ಯರ ಕಣ್ಣಮುಂದೆ ಕುರ್ಚಿಯಲ್ಲಿ ಕೂತು ಪಾಠ ಹೇಳುವವರು ಬರಬಹುದು. ದಿನಕ್ಕೆ ಐದು ಗಂಟೆ ಹಾಡು, ಕಥೆ, ಕೂಗಿ ಕರೆಯುವುದು ಇದ್ದರೆ ಹಾಗೆಂದೇ ಹೇಳಬೇಕು. ಆಗ ಅವರು ಬರೆದುಕೊಡುವ ಸಲಹೆಯೂ ಬೇರೆಯಾಗುತ್ತದೆ.

ಕಿವಿಗೂ ದನಿಗೂ ಏನು ಸಂಬಂಧ?

ಅರ್ಜಿ ಓದುವ ಅಧಿಕಾರಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗಂಟಲಿನ ಶಸ್ತ್ರಚಿಕಿತ್ಸೆಯಾದರೆ ಯಾರೂ ವಿವರಣೆ ಬಯಸುವುದಿಲ್ಲ. ಕಿವಿಯದ್ದಾದರೆ ನೀವೇ ಎರಡು ಸಾಲಿನಲ್ಲಿ ತಿಳಿಸಬೇಕು. ಕಾರಣಗಳು ಮುಖ್ಯವಾಗಿ ಮೂರು, ಎಲ್ಲವೂ ಎಲ್ಲರಿಗೂ ಅನ್ವಯಿಸುವುದಿಲ್ಲ.

ಪೂರ್ತಿ ಅರಿವಳಿಕೆ ಕೊಡುವಾಗ ಉಸಿರಾಟಕ್ಕಾಗಿ ಧ್ವನಿತಂತುಗಳ ನಡುವಿನಿಂದ ನಳಿಕೆಯನ್ನು ಇಳಿಸುತ್ತಾರೆ. ಅದರಿಂದ ಗಂಟಲು ಕೆರೆತ, ದನಿ ಒಡೆಯುವುದು ಕೆಲವು ದಿನ ಇರುತ್ತದೆ. ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದರೆ ನಳಿಕೆಯ ಮಾತೇ ಇಲ್ಲ, ಆಗ ಈ ಕಾರಣವನ್ನು ಅರ್ಜಿಯಲ್ಲಿ ಬರೆಯಬಾರದು. ಎರಡನೆಯದು ದವಡೆಯ ನೋವು. ತೇಪೆಯನ್ನು ತೆಗೆದದ್ದು ಅಗಿಯುವ ಸ್ನಾಯುವಿನ ಮೇಲಿನಿಂದ. ಹಾಗಾಗಿ ಬಾಯಿ ಅಗಲಿಸಿದರೆ, ಬಹಳ ಹೊತ್ತು ಮಾತನಾಡಿದರೆ ಕೆನ್ನೆಯ ಮೇಲ್ಭಾಗ ಎಳೆದಂತೆ ನೋಯುತ್ತದೆ. ಊಟದ ತುತ್ತೇ ಕಷ್ಟವಾಗಿರುವಾಗ ತರಗತಿ ಹೇಗೆ ನಡೆದೀತು? ಮೂರನೆಯದು ಗಾಳಿಯ ಒತ್ತಡ. ಮೂಗಿನ ಹಿಂಭಾಗದಿಂದ ಕಿವಿಯ ನಡುಕೋಣೆಗೆ ಕಿರಿದಾದ ನಾಳವೊಂದಿದೆ. ಮೂಗು ಸೀದಿದಾಗ, ಸೀನು ಅದುಮಿದಾಗ, ಉಸಿರು ಬಿಗಿಹಿಡಿದು ತಿಣುಕಿದಾಗ ಆ ದಾರಿಯಿಂದ ಗಾಳಿ ನುಗ್ಗಿ ತೇಪೆಯನ್ನು ಒಳಗಿನಿಂದ ತಳ್ಳುತ್ತದೆ. ಸಹಜ ಮಾತಿನಿಂದ ಇಂಥ ಅಪಾಯವಿಲ್ಲ. ಆದರೆ ಕೂಗಿ ಕೂಗಿ ಗಂಟಲು ಕೆರೆದು ಕೆಮ್ಮು ಹತ್ತಿದರೆ ಒತ್ತಡ ಆ ಬಾಗಿಲಿನಿಂದ ಬರುತ್ತದೆ.

ತರಗತಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ತೊಡಕೂ ಇದೆ. ಸ್ಪಂಜು ತುಂಬಿದ ಕಿವಿಯಲ್ಲಿ ಹೊರಗಿನ ಸದ್ದು ಮಂದ, ತನ್ನದೇ ದನಿ ತಲೆಯೊಳಗೆ ಮೊಳಗಿದಂತೆ ಜೋರು. ಹಾಗಾಗಿ ತಾನು ಎಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದೇನೆ ಎಂಬ ಅಂದಾಜು ತಪ್ಪುತ್ತದೆ. ಮಕ್ಕಳ ಗದ್ದಲದ ನಡುವೆ ಯಾರು ಏನು ಕೇಳಿದರೆಂದು ತಿಳಿಯದೆ ‘ಏನು? ಇನ್ನೊಮ್ಮೆ ಹೇಳು’ ಎಂದು ದನಿ ಏರುತ್ತಲೇ ಹೋಗುತ್ತದೆ.

ಇದೆಲ್ಲವನ್ನೂ ಯೋಚಿಸಿದರೆ ‘ಧ್ವನಿಗೆ ವಿಶ್ರಾಂತಿ’ ಎಂಬ ಎರಡೇ ಪದ ಸಾಲದು ಎಂಬುದು ತಿಳಿಯುತ್ತದೆ. ಅದನ್ನು ಓದಿದವರು ಪೂರ್ತಿ ಮೌನ ಎಂದುಕೊಂಡು ‘ಹಾಗಾದರೆ ಶಾಲೆಗೆ ಬಂದೇನು ಪ್ರಯೋಜನ’ ಎನ್ನಬಹುದು, ಇಲ್ಲವೇ ಏನೂ ಅಲ್ಲವೆಂದು ಬಿಡಬಹುದು. ಮೊದಲ ಕೆಲವು ದಿನ ಮಾತು ಆದಷ್ಟು ಕಡಿಮೆ. ಆಮೇಲೆ ಕೈಯಳತೆಯ ದೂರದಲ್ಲಿ ಇರುವವರಿಗೆ ಕೇಳಿಸುವಷ್ಟು ಸಹಜ ದನಿ. ಕೂಗುವುದು, ಹಾಡುವುದು, ಮೈದಾನದ ಆಜ್ಞೆಗಳು ಬೇಡ. ಹೀಗೆ ಮೂರು ಹಂತದಲ್ಲಿ ಬರೆಸಿಕೊಳ್ಳಿ. ಪಿಸುಮಾತು ಇದಕ್ಕೆ ಬದಲಿಯಲ್ಲ. ಬಲವಂತವಾಗಿ ಪಿಸುಗುಟ್ಟಿದರೆ ಗಂಟಲಿಗೆ ಸಹಜ ಮಾತಿಗಿಂತ ಹೆಚ್ಚು ದಣಿವಾಗಬಹುದು. ನಿಮ್ಮ ವೈದ್ಯರು ದನಿಗೆ ನಿರ್ಬಂಧವೇ ಬೇಡವೆಂದರೆ ಅದನ್ನೂ ಒಪ್ಪಿಕೊಳ್ಳಿ; ಅವರು ಹೇಳದ ನಿರ್ಬಂಧವನ್ನು ಅರ್ಜಿಯಲ್ಲಿ ಸೇರಿಸುವುದು ಸರಿಯಲ್ಲ.

ಎರಡನೆಯ ಹೆಜ್ಜೆ: ಯಾವ ರಜೆ, ಎಷ್ಟು ದಿನ

ಸಾಂದರ್ಭಿಕ ರಜೆ ಇದಕ್ಕೆ ಹೊಂದುವುದಿಲ್ಲ, ಅದನ್ನು ಬೇರೆ ಬಗೆಯ ರಜೆಯೊಂದಿಗೆ ಜೋಡಿಸಲೂ ಬರುವುದಿಲ್ಲ. ಬೇಸಿಗೆ, ದಸರಾ ರಜೆಗಳಿರುವ ಕಾರಣ ಶಿಕ್ಷಕರ ಖಾತೆಗೆ ಗಳಿಕೆ ರಜೆ ಸೇರುವುದೇ ಕಡಿಮೆ. ಅದನ್ನು ಖರ್ಚು ಮಾಡುವ ಮುನ್ನ ಇನ್ನೊಂದು ದಾರಿ ನೋಡಿ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನದಂತೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅದನ್ನು ಪೂರ್ಣ ವೇತನದ ರಜೆಯಾಗಿ ಬದಲಿಸಿಕೊಳ್ಳಬಹುದು. ಅದೇ ಪರಿವರ್ತಿತ ರಜೆ. ಒಂದು ದಿನ ಪಡೆದರೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ.

ಲೆಕ್ಕ ಮಾಡಿ ನೋಡೋಣ. 12 ವರ್ಷ ಸೇವೆಯಾದ ಶಿಕ್ಷಕಿಗೆ ಜಮೆಯಾದ ಅರ್ಧ ವೇತನ ರಜೆ 240 ದಿನ. ಹಿಂದೆ 60 ದಿನ ಬಳಸಿದ್ದಾರೆ, ಉಳಿದದ್ದು 180. ಶಸ್ತ್ರಚಿಕಿತ್ಸೆ 2026ರ ನವೆಂಬರ್ 18, ಬುಧವಾರ. ಹಿಂದಿನ ದಿನ ಆಸ್ಪತ್ರೆಗೆ ದಾಖಲಾಗಬೇಕು. ವೈದ್ಯರು ಡಿಸೆಂಬರ್ 5ರವರೆಗೆ ಮನೆಯಲ್ಲಿ ವಿಶ್ರಾಂತಿ ಎಂದಿದ್ದಾರೆ. ನವೆಂಬರ್ 17ರಿಂದ 30ರವರೆಗೆ 14 ದಿನ, ಡಿಸೆಂಬರ್‌ನಲ್ಲಿ 5 ದಿನ, ಒಟ್ಟು 19. ನಡುವೆ ಬರುವ ಭಾನುವಾರಗಳೂ ಈ ಲೆಕ್ಕದಲ್ಲೇ ಸೇರುತ್ತವೆ. ಡಿಸೆಂಬರ್ 6 ಭಾನುವಾರವಾದ್ದರಿಂದ ಅದನ್ನು ರಜೆಯ ಕೊನೆಗೆ ಸೇರಿಸಿಕೊಳ್ಳಲು ಅನುಮತಿ ಕೇಳಿದರೆ, ಆ ಒಂದು ದಿನ ಖಾತೆಯಿಂದ ಹೋಗುವುದಿಲ್ಲ. 19 ದಿನಕ್ಕೆ 38 ದಿನ ಕಳೆದು ಖಾತೆಯಲ್ಲಿ 142 ಉಳಿಯುತ್ತದೆ. ಅರ್ಜಿ ಬರೆಯುವ ಮುನ್ನ ಸೇವಾ ಪುಸ್ತಕದಲ್ಲಿರುವ ರಜೆ ಲೆಕ್ಕವನ್ನು ಕಚೇರಿಯಲ್ಲಿ ಕಣ್ಣಾರೆ ನೋಡಿ. ಹಲವರ ಪುಸ್ತಕದಲ್ಲಿ ಜಮೆ ಮಾಡುವುದೇ ಬಾಕಿ ಇರುತ್ತದೆ, ಅದು ಆಸ್ಪತ್ರೆಯ ಹಾಸಿಗೆಯಿಂದ ಸರಿಪಡಿಸುವ ಕೆಲಸವಲ್ಲ.

‘ದಸರಾ ರಜೆಯಲ್ಲೇ ಮಾಡಿಸಬಾರದಿತ್ತೇ?’ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ನಮ್ಮ ಉದಾಹರಣೆಯ ಶಿಕ್ಷಕಿಗೆ ಸೆಪ್ಟೆಂಬರ್‌ನಲ್ಲಿ ಕಿವಿ ಸೋರುತ್ತಿತ್ತು. ಕಿವಿ ಕೆಲವು ವಾರ ಒಣಗಿದ್ದರೆ ಒಳ್ಳೆಯದೆಂದು ವೈದ್ಯರು ಕಾಯಿಸಿದರು. ಇದನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಕಡತ ಆಕ್ಷೇಪಣೆಯೊಂದಿಗೆ ಹಿಂದಿರುಗುವುದು ತಪ್ಪುತ್ತದೆ.

ಮೂರನೆಯ ಹೆಜ್ಜೆ: ಅರ್ಜಿ

ಮುಂಚೆಯೇ ಗೊತ್ತಿರುವ ಶಸ್ತ್ರಚಿಕಿತ್ಸೆಗೆ ಮೂರು ವಾರ ಮೊದಲು ಅರ್ಜಿ ಕೊಡುವುದು ಒಳ್ಳೆಯದು. ಅಷ್ಟರಲ್ಲಿ ಬದಲಿ ವ್ಯವಸ್ಥೆಗೂ ಸಮಯ ಸಿಗುತ್ತದೆ. ರಜೆ ಮಂಜೂರು ಮಾಡುವವರಿಗೆ, ಮುಖ್ಯ ಶಿಕ್ಷಕರ ಮೂಲಕ ಬರೆಯಿರಿ. ಹೀಗೆ:

ದಿನಾಂಕ: 26-10-2026

ಇವರಿಂದ: (ಹೆಸರು), ಸಹ ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, (ಊರು)

ಇವರಿಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳು, (ತಾಲ್ಲೂಕು)

ಮುಖಾಂತರ: ಮುಖ್ಯ ಶಿಕ್ಷಕರು

ಮಾನ್ಯರೇ,

ವಿಷಯ: ಬಲಕಿವಿಯ ಶಸ್ತ್ರಚಿಕಿತ್ಸೆಗಾಗಿ 17-11-2026ರಿಂದ 05-12-2026ರವರೆಗೆ 19 ದಿನಗಳ ಪರಿವರ್ತಿತ ರಜೆ ಹಾಗೂ ಆನಂತರ ನಾಲ್ಕು ವಾರ ಧ್ವನಿ ಮಿತಿಯ ಕರ್ತವ್ಯ ಕೋರಿ.

ನನ್ನ ಬಲಕಿವಿಯ ತಮಟೆಯಲ್ಲಿ ತೂತಾಗಿದ್ದು, ಪದೇಪದೇ ಸೋರುತ್ತಿರುವುದರಿಂದ ಟಿಂಪನೋಪ್ಲಾಸ್ಟಿ ಶಸ್ತ್ರಚಿಕಿತ್ಸೆಯನ್ನು 18-11-2026ರಂದು ನಿಗದಿಪಡಿಸಿದ್ದಾರೆ. ಸೆಪ್ಟೆಂಬರ್‌ನಲ್ಲಿ ಕಿವಿ ಸೋರುತ್ತಿದ್ದ ಕಾರಣ ದಸರಾ ರಜೆಯಲ್ಲಿ ಮಾಡಿಸಲು ಸಾಧ್ಯವಾಗಲಿಲ್ಲ. 17ರಂದು ಆಸ್ಪತ್ರೆಗೆ ದಾಖಲಾಗಬೇಕಿದೆ.

ವೈದ್ಯರು 05-12-2026ರವರೆಗೆ ವಿಶ್ರಾಂತಿ ಸೂಚಿಸಿದ್ದಾರೆ. ಈ ಅವಧಿಯಲ್ಲಿ ಹೊಲಿಗೆ ತೆಗೆಯುವುದು ಮತ್ತು 04-12-2026ರ ತಪಾಸಣೆ ಸೇರಿವೆ. ನನ್ನ ಅರ್ಧ ವೇತನ ರಜೆ ಖಾತೆಯಲ್ಲಿ 180 ದಿನಗಳಿದ್ದು, ಅದರಿಂದ 19 ದಿನಗಳ ಪರಿವರ್ತಿತ ರಜೆ ಮಂಜೂರು ಮಾಡಿ, 06-12-2026ರ ಭಾನುವಾರವನ್ನು ಕೊನೆಗೆ ಸೇರಿಸಿಕೊಳ್ಳಲು ಹಾಗೂ ಕೇಂದ್ರ ಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. 07-12-2026ರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ.

ಕಿವಿಯ ತೇಪೆ ಪೂರ್ತಿ ಕೂಡಿಕೊಳ್ಳುವವರೆಗೆ, ಅಂದರೆ 07-12-2026ರಿಂದ 02-01-2027ರವರೆಗೆ, ಗಟ್ಟಿಯಾಗಿ ಮಾತನಾಡುವುದು, ಹಾಡುವುದು ಮತ್ತು ಕೂಗುವುದನ್ನು ವೈದ್ಯರು ನಿಷೇಧಿಸಿದ್ದಾರೆ. ಸಹಜ ದನಿಯ ಮಾತಿಗೆ ಅಡ್ಡಿಯಿಲ್ಲ. ಈ ಅವಧಿಯಲ್ಲಿ ಬಲಕಿವಿಯಲ್ಲಿ ಕೇಳುವುದೂ ಮಂದವಾಗಿರುತ್ತದೆ. ಆದ್ದರಿಂದ ಪ್ರಾರ್ಥನಾ ಸಭೆ ಮತ್ತು ಮೈದಾನದ ಕರ್ತವ್ಯದಿಂದ ಬಿಡುವು ನೀಡಿ, ನಲಿಕಲಿಯ ಹಾಡಿನ ಅವಧಿಯನ್ನು ಸಹೋದ್ಯೋಗಿಯೊಂದಿಗೆ ಬದಲಾಯಿಸಿಕೊಳ್ಳಲು ಮುಖ್ಯ ಶಿಕ್ಷಕರಿಗೆ ಸೂಚಿಸಬೇಕೆಂದು ಕೋರುತ್ತೇನೆ. ಬದಲಾಗಿ ಗುಂಪು ಕಲಿಕೆ, ಮೌಲ್ಯಮಾಪನ ಮತ್ತು ದಾಖಲೆ ನಿರ್ವಹಣೆಯ ಹೆಚ್ಚಿನ ಕೆಲಸವನ್ನು ವಹಿಸಿಕೊಳ್ಳಲು ಸಿದ್ಧಳಿದ್ದೇನೆ.

ಶೀತ ಅಥವಾ ಕಿವಿಯ ಸೋರಿಕೆಯಿಂದ ಶಸ್ತ್ರಚಿಕಿತ್ಸೆ ಮುಂದೂಡಲ್ಪಟ್ಟರೆ ತಕ್ಷಣ ತಿಳಿಸಿ ಕರ್ತವ್ಯದಲ್ಲಿ ಮುಂದುವರಿಯುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,

(ಸಹಿ)

ರಜೆಯ ಅವಧಿಯ ವಿಳಾಸ ಮತ್ತು ದೂರವಾಣಿ:

ಲಗತ್ತು: ವೈದ್ಯಕೀಯ ಪ್ರಮಾಣಪತ್ರ, ಧ್ವನಿಯ ಕುರಿತ ವೈದ್ಯರ ಸಲಹಾಪತ್ರ, ಪಾಠ ಹಂಚಿಕೆ ಪಟ್ಟಿ.

ಈ ಅರ್ಜಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ಪ್ಯಾರಾದ ಕಡೆಯ ವಾಕ್ಯ ಮತ್ತು ಮುಂದೂಡಿಕೆಯ ಸಾಲು. ‘ಇದು ಮಾಡಲಾರೆ’ ಎಂಬ ಪಟ್ಟಿಯ ಪಕ್ಕದಲ್ಲೇ ‘ಇದು ಮಾಡುತ್ತೇನೆ’ ಎಂದಿದ್ದರೆ ಮುಖ್ಯ ಶಿಕ್ಷಕರಿಗೆ ವೇಳಾಪಟ್ಟಿ ಹೊಂದಿಸುವ ದಾರಿ ಕಾಣುತ್ತದೆ, ಹೊರೆ ಹೊತ್ತ ಸಹೋದ್ಯೋಗಿಗೂ ನ್ಯಾಯ ಸಿಗುತ್ತದೆ. ಇನ್ನು ಮುಂದೂಡಿಕೆ: ಹಿಂದಿನ ದಿನ ಶೀತ ಕಾಣಿಸಿಕೊಂಡು ರೋಗಿಯನ್ನು ವಾಪಸು ಕಳುಹಿಸುವುದು ಅಪರೂಪವಲ್ಲ. ಹಾಗಾದಾಗ ಮಂಜೂರಾಗಿದೆಯೆಂದು ಮನೆಯಲ್ಲಿ ಉಳಿಯಬಾರದು. ರಜೆ ರದ್ದು ಕೋರಿ ಬರೆದುಕೊಟ್ಟು ಹಾಜರಾಗಿ, ಹೊಸ ದಿನಾಂಕಕ್ಕೆ ಹೊಸ ಅರ್ಜಿ ಕೊಡಬೇಕು.

ರೋಗದ ಪೂರ್ತಿ ಇತಿಹಾಸ ಅರ್ಜಿಗೆ ಬೇಡ. ಈ ಕಾಗದ ಹಲವು ಮೇಜುಗಳನ್ನು ದಾಟುತ್ತದೆ. ಸ್ಕ್ಯಾನ್ ವರದಿ, ಶ್ರವಣ ಪರೀಕ್ಷೆಯ ನಕ್ಷೆ ನಿಮ್ಮ ಬಳಿಯೇ ಇರಲಿ, ಕೇಳಿದರೆ ಮಾತ್ರ ತೋರಿಸಿ. ಅರ್ಜಿಯ ಪ್ರತಿಯೊಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಚೇತರಿಕೆ ತಡವಾದರೆ

ವಾಸನೆಯ ಸೋರಿಕೆ, ಜ್ವರ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ನಿಂತರೆ ತಲೆಸುತ್ತು, ಮುಖದ ಒಂದು ಬದಿ ಜೋಲುವುದು — ಇವು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ದನಿಯ ವಿಷಯದಲ್ಲೂ ಒಂದು ಗಡಿ ಇದೆ: ನಳಿಕೆಯಿಂದಾದ ಒಡಕು ದಿನೇದಿನೇ ಇಳಿಯಬೇಕು. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಗಂಟಲನ್ನೂ ಪರೀಕ್ಷಿಸಿ ಎಂದು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳುವಿಕೆ, ದನಿ ಎರಡರ ಪರೀಕ್ಷೆಯೂ ಒಂದೇ ಆವರಣದಲ್ಲಿ ಆಗುತ್ತದೆ.

ರಜೆ ವಿಸ್ತರಣೆ ಬೇಕಾದರೆ ಅದು ಮುಗಿಯುವ ಮೊದಲೇ ಕೋರಬೇಕು. ನಮ್ಮ ಉದಾಹರಣೆಯಲ್ಲಿ ಡಿಸೆಂಬರ್ 4ರ ತಪಾಸಣೆ ಶುಕ್ರವಾರ ಬರುವುದು ಇದಕ್ಕೆ ಅನುಕೂಲ: ವೈದ್ಯರು ಇನ್ನೊಂದು ವಾರ ಎಂದರೆ ಅಂದೇ ಹೊಸ ಪ್ರಮಾಣಪತ್ರ ಪಡೆದು, ಶನಿವಾರದೊಳಗೆ ಅರ್ಜಿ ತಲುಪಿಸಬಹುದು. ರಜೆ ಮುಗಿದ ಮೇಲೆ ಅನುಮತಿಯಿಲ್ಲದೆ ಉಳಿದ ದಿನಗಳು ಅನಧಿಕೃತ ಗೈರುಹಾಜರಿಯ ತಕರಾರಿಗೆ ದಾರಿ ಮಾಡುತ್ತವೆ.

ನಾಲ್ಕನೆಯ ಹೆಜ್ಜೆ: ಮರಳಿ ಹಾಜರಾಗುವ ದಿನ

ವೈದ್ಯಕೀಯ ಕಾರಣದ ರಜೆಯಿಂದ ಮರಳುವಾಗ ಕರ್ತವ್ಯಕ್ಕೆ ಅರ್ಹರೆಂಬ ಪ್ರಮಾಣಪತ್ರವನ್ನು ಹಾಜರಾತಿ ವರದಿಯೊಂದಿಗೆ ಕೊಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆ ಪ್ರಮಾಣಪತ್ರದಲ್ಲೇ ‘ಮಾತನಾಡಬಾರದು’ ಎಂದು ಬರೆದಿದ್ದರೆ, ಶಿಕ್ಷಕಿ ಅರ್ಹರೋ ಅಲ್ಲವೋ ಎಂಬ ಪ್ರಶ್ನೆ ಎದ್ದು ಹಾಜರಾಗಲು ಬಿಡದೆ ವಾಪಸು ಕಳುಹಿಸಿದ್ದನ್ನು ನೋಡಿದ್ದೇನೆ. ಬದಲಿಗೆ ‘07-12-2026ರಿಂದ ಬೋಧನಾ ಕರ್ತವ್ಯಕ್ಕೆ ಅರ್ಹರು’ ಎಂಬುದು ಒಂದು ಪತ್ರದಲ್ಲಿರಲಿ. ಗಟ್ಟಿ ದನಿ ಬೇಡವೆಂಬ ಸಲಹೆ, ಅದರ ಕೊನೆಯ ದಿನಾಂಕದೊಂದಿಗೆ, ಬೇರೆ ಪತ್ರದಲ್ಲಿರಲಿ. ಮೊದಲನೆಯದು ಸೇವಾ ದಾಖಲೆಗೆ, ಎರಡನೆಯದು ವೇಳಾಪಟ್ಟಿಗೆ.

ಬಲಕಿವಿಯ ಶಸ್ತ್ರಚಿಕಿತ್ಸೆಯಾಗಿದ್ದರೆ ತರಗತಿಯಲ್ಲಿ ಮಕ್ಕಳನ್ನು ನಿಮ್ಮ ಎಡಗಡೆಗೆ, ಅಂದರೆ ಚೆನ್ನಾಗಿ ಕೇಳಿಸುವ ಕಿವಿಯ ಕಡೆಗೆ ಕೂರಿಸಿಕೊಳ್ಳಿ. ಸೊಂಟಕ್ಕೆ ಕಟ್ಟುವ ಚಿಕ್ಕ ಧ್ವನಿವರ್ಧಕ ಬಹಳ ಉಪಯೋಗಕ್ಕೆ ಬರುತ್ತದೆ, ಆದರೆ ಅದರ ತಲೆಪಟ್ಟಿಯ ಮೈಕು ಕಿವಿಯ ಹಿಂದಿನ ಗಾಯವನ್ನೇ ಒತ್ತುತ್ತದೆ. ಸೆರಗಿಗೋ ಕಾಲರಿಗೋ ಸಿಕ್ಕಿಸುವ ಮೈಕನ್ನು ಆರಿಸಿ. ಗಮನ ಸೆಳೆಯಲು ಕೂಗುವ ಬದಲು ಕೈಗಂಟೆ ಅಥವಾ ಚಪ್ಪಾಳೆಯ ಲಯವನ್ನು ಮಕ್ಕಳಿಗೆ ರಜೆಗೆ ಹೋಗುವ ಮುಂಚಿನ ವಾರವೇ ರೂಢಿ ಮಾಡಿಸಿದರೆ ಮರಳಿದ ಮೊದಲ ದಿನವೇ ಕೆಲಸಕ್ಕೆ ಬರುತ್ತದೆ.

ಡಿಸೆಂಬರ್ ಕೊನೆಯ ತಪಾಸಣೆಗೂ ಫೆಬ್ರುವರಿಯ ಶ್ರವಣ ಪರೀಕ್ಷೆಗೂ ಒಂದೊಂದು ಸಾಂದರ್ಭಿಕ ರಜೆ ಉಳಿಸಿಕೊಂಡಿರಿ. ಮಂಜೂರಾತಿ ಆದೇಶ ಕೈಸೇರಿದ ಮೇಲೆ ಸೇವಾ ಪುಸ್ತಕದಲ್ಲಿ 19 ದಿನ ಪರಿವರ್ತಿತ ರಜೆ, 38 ದಿನ ಖರ್ಚು, 142 ದಿನ ಶಿಲ್ಕು ಎಂದು ನಮೂದಾಗಿದೆಯೇ ಎಂದು ಒಮ್ಮೆ ತೆರೆದು ನೋಡಿ.